ಕಡಲೆಹಿಟ್ಟು, ಮೊಸರು ಸಾಕು. ಮುಖಕ್ಕೆ ನಿಂಬೆ ಹಿಂಡಬೇಡಿ

ಹೋದ ಯುಗಾದಿಗೆ ಮುಂಚೆ ಮಂಡ್ಯದಲ್ಲಿರುವ ಅಕ್ಕನ ಮಗಳು ಕಡಲೆಹಿಟ್ಟಿಗೆ ಅರ್ಧ ನಿಂಬೆಹಣ್ಣು ಹಿಂಡಿ ಮುಖಕ್ಕೆ ಹಚ್ಚಿಕೊಂಡಳು. ರಸ ಜಾಸ್ತಿಯಾಗಿ ಗಲ್ಲದಿಂದ ಕತ್ತಿಗೆ ಇಳಿದಿತ್ತು. ಮುಖ ತೊಳೆದಳು, ಕತ್ತು ಮರೆತಳು. ಆಮೇಲೆ ಸಂಡಿಗೆ ಹಾಕೋಕೆ ತಾರಸಿ ಹತ್ತಿದವಳು ಮಧ್ಯಾಹ್ನದವರೆಗೂ ಬಿಸಿಲಲ್ಲೇ ಇದ್ದಳು. ಅವತ್ತು ಏನೂ ಆಗಲಿಲ್ಲ. ಎರಡನೇ ದಿನ ಕತ್ತು ಉರಿಯಿತು, ಕೆಂಪಾಯಿತು. ವಾರದಲ್ಲಿ ರಸ ಇಳಿದ ದಾರಿಯಲ್ಲೇ ಕಂದು ಗೆರೆಗಳು ಮೂಡಿದವು. ಮೈಸೂರಿನ ಚರ್ಮದ ವೈದ್ಯರು ಗೆರೆ ನೋಡಿದ ಕೂಡಲೇ ಕೇಳಿದ್ದು, 'ನಿಂಬೆಹಣ್ಣು ಮುಟ್ಟಿದ್ರಾ?'

ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಅನ್ನುವ ವಸ್ತುಗಳಿವೆ. ಹಿಂಡುವಾಗ ಸಿಪ್ಪೆಯ ಎಣ್ಣೆಯೂ ರಸಕ್ಕೆ ಸೇರುತ್ತದೆ. ಇವು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟ ಹಾಗಾಗುತ್ತದೆ, ಕೆಲವರಿಗೆ ಬೊಬ್ಬೆಯೂ ಏಳುತ್ತದೆ. ಉರಿ ಕಾಣಿಸಿಕೊಳ್ಳೋದು ಒಂದೆರಡು ದಿನ ಬಿಟ್ಟು, ಹಾಗಾಗಿ ನಿಂಬೆಯ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಉರಿ ಹೋದ ಮೇಲೂ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆಳ್ಳಗಾಗಲಿ ಅಂತ ಹಚ್ಚಿದ್ದಲ್ವಾ!

ರಾತ್ರಿ ಹಚ್ಚಿದರೆ? ಬಿಸಿಲಿನ ಕಾಟ ತಪ್ಪಬಹುದು, ಹುಳಿ ತಪ್ಪೋದಿಲ್ಲ. ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು ಸುಮಾರು 2. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದ ಲೆಕ್ಕ. ಮೊಡವೆ ಒಡೆದ ಜಾಗಕ್ಕೆ ಬಿದ್ದರೆ ಕೇಳಲೇಬೇಡಿ. ಮೊಸರಿನದು 4ರಿಂದ 4.5, ಚರ್ಮಕ್ಕೆ ಹತ್ತಿರ.

ಈಗ ಪ್ಯಾಕ್‌ಗೆ ಬರೋಣ. ಎರಡು ಟೀ ಚಮಚ ಕಡಲೆಹಿಟ್ಟು ಜರಡಿ ಹಿಡಿಯಿರಿ, ತರಿ ಉಳಿದರೆ ಮುಖ ಗೀರುತ್ತದೆ. ಅವತ್ತೇ ಹೆಪ್ಪಾದ, ಹುಳಿ ಬಾರದ ಮೊಸರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ದೋಸೆ ಹಿಟ್ಟಿಗಿಂತ ಗಟ್ಟಿ, ಚಮಚದಿಂದ ನಿಧಾನಕ್ಕೆ ಜಾರುವಷ್ಟಿರಲಿ. ಮೊದಲ ಸಲವಾದರೆ ಮೊಣಕೈ ಒಳಮಡಿಕೆಗೆ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆದು, ಒಂದು ದಿನ ಕಾಯಿರಿ. ತುರಿಕೆ ಬಂದರೆ ಅಲ್ಲಿಗೇ ಬಿಡಿ. ಹಾಲು, ಕಡಲೆ ತಿಂದರೆ ಅಲರ್ಜಿಯಾಗುವವರು ಇದನ್ನೂ ಮಾಡಬೇಡಿ.

ಮುಖ ತೊಳೆದು, ಕಣ್ಣಿನ ಸುತ್ತ ಬಿಟ್ಟು ತೆಳ್ಳಗೆ ಹಚ್ಚಿ. ಎಂಟು–ಹತ್ತು ನಿಮಿಷ ಸಾಕು. ಎಲ್ಲರೂ ತಪ್ಪೋದು ಇಲ್ಲೇ: ಪೂರ್ತಿ ಒಣಗಿ ಬಿರುಕು ಬಿಡುವವರೆಗೂ ಕೂತು, ಆಮೇಲೆ ಉಜ್ಜಿ ಉದುರಿಸುತ್ತಾರೆ. ಅಂಚು ಒಣಗಿ ನಡುವೆ ಇನ್ನೂ ತಣ್ಣಗಿರುವಾಗಲೇ ನೀರು ಚಿಮುಕಿಸಿ, ನೆನೆಸಿ, ಜಾರಿಸಿ ತೆಗೆಯಿರಿ. ತಕ್ಷಣ ಮಾಯಿಶ್ಚರೈಸರ್ ಹಚ್ಚಿ. ವಾರಕ್ಕೊಂದು ಸಲ ಸಾಕು. ಎಣ್ಣೆಜಿಡ್ಡು ಹೋಗಿ ಮುಖ ನುಣುಪಾಗುತ್ತದೆ, ಅಷ್ಟೇ. ಬಂಗು, ಹಳೇ ಕಲೆ ಇದರಿಂದ ಹೋಗೋದಿಲ್ಲ.

ಈಗಾಗಲೇ ನಿಂಬೆ ಹಚ್ಚಿದ್ದೀರಾ? ಸೋಪು ಹಾಕಿ ತೊಳೆಯಿರಿ, ಕತ್ತು, ಬೆರಳ ಸಂದು ಬಿಡಬೇಡಿ. ಎರಡು ದಿನ ಬಿಸಿಲಿಗೆ ಹೋಗಬೇಡಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ನಮ್ಮ ಹುಡುಗಿಯ ಕತ್ತಿನ ಗೆರೆ ಮಾಸಿದ್ದು ಗೌರಿ ಹಬ್ಬದ ಹೊತ್ತಿಗೆ.