ಎಂಪಿಜಿ ಲೆಕ್ಕದಲ್ಲಿ ನಾನು ಎಡವಿದ್ದು

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕಾರು ಓಡಿಸಿದವನು ನಾನು. ಮಗ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿದ್ದಾನೆ. ಅಲ್ಲಿಗೆ ಹೋದಾಗ ಬಾಡಿಗೆ ಕಾರು ಹಿಡಿದು ಇಬ್ಬರೂ ಡಬ್ಲಿನ್‌ಗೆ ಹೋಗಿ ಬಂದೆವು. ಅಲ್ಲಿಯೂ ಗಾಡಿ ಓಡುವುದು ಎಡಗಡೆಯೇ. ಹಾಗಾಗಿ ಸ್ಟೇರಿಂಗ್ ತೊಂದರೆ ಕೊಡಲಿಲ್ಲ, ಲೆಕ್ಕ ಕೊಟ್ಟಿತು.

ಉತ್ತರ ಐರ್ಲೆಂಡ್‌ನಲ್ಲಿ ಬೋರ್ಡೂ ಮೈಲಿ, ಕಾರಿನ ಮುಳ್ಳೂ ಮೈಲಿ. 60 ಅಂದರೆ ಮುಳ್ಳು 60ಕ್ಕೆ ನಿಲ್ಲಿಸಿದರಾಯಿತು, ಲೆಕ್ಕವೇ ಬೇಡ. ಆದರೂ ಮನಸ್ಸು ಕೇಳುವುದಿಲ್ಲ ಅಲ್ವಾ? ಅದಕ್ಕೆ ನನ್ನ ಬಾಯಿಲೆಕ್ಕ ಹೀಗೆ: ಮೈಲಿಗೆ ಅದರ ಅರ್ಧ ಸೇರಿಸಿ, ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ. 60ಕ್ಕೆ 30, ಆಮೇಲೆ 6, ಒಟ್ಟು 96 ಕಿಲೋಮೀಟರ್. ಸರಿಯಾದ ಲೆಕ್ಕ 96.6. ಇಷ್ಟು ಸಾಕು.

ಪೇಚಾಟ ಶುರುವಾಗಿದ್ದು ಗಡಿ ಹತ್ತಿರದ ಊರು ನ್ಯೂರಿ ದಾಟಿದ ಮೇಲೆ. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ರಸ್ತೆ ಅಂಚಿನ ಗೆರೆ ಬಿಳಿ ಹೋಗಿ ಹಳದಿಯಾಗುತ್ತದೆ, ಅಷ್ಟೇ. ಆದರೆ ಐರ್ಲೆಂಡ್ ಗಣರಾಜ್ಯದಲ್ಲಿ 2005ರಿಂದ ವೇಗದ ಮಿತಿ ಕಿಲೋಮೀಟರ್‌ನಲ್ಲಿದೆ. ಬೋರ್ಡ್ ಮೇಲೆ 100 ಕಂಡಿತು, ನನ್ನ ಕಾಲು ಆಕ್ಸಿಲರೇಟರ್ ಒತ್ತಿತು. ಮುಳ್ಳು 70 ದಾಟುತ್ತಿದ್ದಂತೆ ಮಗ ಕೂಗಿದ: "ಅಪ್ಪಾ, ಅದು ಕಿಲೋಮೀಟರ್ರೀ, ಒಳಗಿನ ಸಣ್ಣ ಅಂಕಿ ನೋಡ್ರೀ!" ಮೈಲಿ ಮುಳ್ಳಿನಲ್ಲಿ 100 ಕಿಲೋಮೀಟರ್ ಅಂದರೆ 62 ಮಾತ್ರ. ಎಂಟಕ್ಕೆ ಐದು ಎಂದು ನೆನಪಿಟ್ಟರೆ ಬೇಗ ಬರುತ್ತದೆ: 80ಕ್ಕೆ 50, 120ಕ್ಕೆ 75.

ವಾಪಸ್ ಬಂದು ಟ್ಯಾಂಕ್ ತುಂಬಿಸುವಾಗ ಇನ್ನೊಂದು ಫಜೀತಿ. ಹೊರಡುವಾಗಲೂ ಟ್ಯಾಂಕ್ ಫುಲ್ ಇತ್ತು. ಓಡಿದ್ದು 210 ಮೈಲಿ, ಅಂದರೆ 338 ಕಿಲೋಮೀಟರ್. ಕಾರಿನ ಪರದೆಯಲ್ಲಿ ಸರಾಸರಿ 47 mpg ಎಂದಿತ್ತು, ಅಂದರೆ ಒಂದು ಗ್ಯಾಲನ್‌ಗೆ 47 ಮೈಲಿ. ಫೋನಿನಲ್ಲಿ ಲೆಕ್ಕ ಹಾಕಿದೆ, ಲೀಟರ್‌ಗೆ 20 ಕಿಲೋಮೀಟರ್ ಬಂತು. ಹಾಗಾದರೆ 17 ಲೀಟರ್ ಹಿಡಿಯಬೇಕು. ಹಿಡಿದದ್ದು 20.4! ಪಂಪಿನಲ್ಲೇ ಏನೋ ಮೋಸ ಎಂದು ಮೀಟರ್ ಮೂರು ಸಲ ನೋಡಿದೆ. ಊರಿನ ಚಟ, ಬಿಡಿ.

ತಪ್ಪು ನನ್ನದೇ ಆಗಿತ್ತು. ಫೋನ್ ಅಮೆರಿಕದ ಗ್ಯಾಲನ್ ಹಿಡಿದಿತ್ತು. ಅದು 3.785 ಲೀಟರ್. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಂದರೆ ಐದರಲ್ಲೊಂದು ಪಾಲು ಜಾಸ್ತಿ. ಪಂಪಿನಲ್ಲಿ ಮಾರುವುದು ಲೀಟರ್, ಕಾರು ಹೇಳುವುದು ಗ್ಯಾಲನ್, ಅದೂ ಎರಡು ಥರದ್ದು! ಬ್ರಿಟನ್ ಲೆಕ್ಕದಲ್ಲಿ 47ನ್ನು 0.354ರಿಂದ ಗುಣಿಸಿದರೆ 16.6 ಬರುತ್ತದೆ. 338ನ್ನು ಅದರಿಂದ ಭಾಗಿಸಿದರೆ 20.4 ಲೀಟರ್. ಪಂಪಿನ ಮೀಟರ್ ತೋರಿಸಿದ್ದೂ ಅಷ್ಟೇ.

ಅಮೆರಿಕದ ಕಾರಾದರೆ 0.354ರ ಬದಲು 0.425 ಹಿಡಿಯಬೇಕು. ಈಗ ಯಾರಾದರೂ "ನನ್ನ ಗಾಡಿ 50 ಕೊಡುತ್ತದೆ" ಅಂದರೆ ನಾನು ಮೊದಲು ಕೇಳುವುದು, ಯಾವ ದೇಶದ ಗ್ಯಾಲನ್ ಎಂದು.