ಹಸಿರು ಕ್ಯಾಂಡಲ್‌ನಲ್ಲೂ ಮಾರುವವರ ಕೈ ಮೇಲಾಗಿರಬಹುದು

ಷೇರಿನ ಬೆಲೆಯ ಚಾರ್ಟ್ ತೆರೆದ ಕೂಡಲೇ ಎಲ್ಲರ ಕಣ್ಣೂ ಬಣ್ಣದ ಮೇಲೆ ಹೋಗುತ್ತದೆ. ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಬೆಲೆ ಎಲ್ಲಿವರೆಗೆ ಹೋಯಿತು, ಎಲ್ಲಿ ಬಂದು ನಿಂತಿತು ಅನ್ನುವುದೇ ಮೊದಲು.

ಕ್ಯಾಂಡಲ್ ಅಂದರೆ ನಿಗದಿತ ಹೊತ್ತಿನಲ್ಲಿ ಬೆಲೆ ಹೇಗೆ ಓಡಾಡಿತು ಎಂದು ತೋರಿಸುವ ಒಂದು ಗುರುತು. ಅದರಲ್ಲಿ ಇರುವುದು ನಾಲ್ಕೇ ಬೆಲೆ: ಶುರುವಿನದು ಓಪನ್, ಅತಿ ಮೇಲಿನದು ಹೈ, ಅತಿ ಕೆಳಗಿನದು ಲೋ, ಕೊನೆಯದು ಕ್ಲೋಸ್. ಓಪನ್‌ನಿಂದ ಕ್ಲೋಸ್‌ವರೆಗಿನ ದಪ್ಪ ಭಾಗ ಬಾಡಿ. ಮೇಲೆ, ಕೆಳಗೆ ಚಾಚಿರುವ ತೆಳ್ಳನೆ ಗೆರೆಗಳು ವಿಕ್. ಬೆಲೆ ಅಲ್ಲಿವರೆಗೂ ಹೋಗಿತ್ತು, ಆದರೆ ಅಲ್ಲಿ ಉಳಿಯಲಿಲ್ಲ ಎಂದು ವಿಕ್ ಹೇಳುತ್ತದೆ.

15 ನಿಮಿಷದ ಒಂದು ಕ್ಯಾಂಡಲ್ ತೆಗೆದುಕೊಳ್ಳಿ. ಓಪನ್ 100, ಹೈ 108, ಲೋ 99, ಕ್ಲೋಸ್ 102. ಓಪನ್‌ಗಿಂತ ಕ್ಲೋಸ್ ಜಾಸ್ತಿ, ಹಾಗಾಗಿ ಬಣ್ಣ ಹಸಿರು. ಆದರೆ ಲೋನಿಂದ ಹೈವರೆಗಿನ ಒಟ್ಟು ಓಡಾಟ 9, ಅದರಲ್ಲಿ ಬಾಡಿ ಬರೀ 2, ಮೇಲಿನ ವಿಕ್ 6. ಕೊಳ್ಳುವವರು 108ರವರೆಗೆ ಎಳೆದುಕೊಂಡು ಹೋದರು, ಮಾರುವವರು ಅದರಲ್ಲಿ ಹೆಚ್ಚಿನದನ್ನು ವಾಪಸ್ ಕಿತ್ತುಕೊಂಡರು. ಇದೇ ಕ್ಯಾಂಡಲ್ 107ಕ್ಕೆ ಕ್ಲೋಸ್ ಆಗಿದ್ದರೆ ಬಾಡಿ 7, ಮೇಲಿನ ವಿಕ್ 1. ಆಗ ಕೊಳ್ಳುವವರು ಗಳಿಸಿದ್ದನ್ನು ಉಳಿಸಿಕೊಂಡಿದ್ದಾರೆ ಎಂದರ್ಥ. ಬಣ್ಣ ಎರಡಕ್ಕೂ ಒಂದೇ, ಅಲ್ವಾ?

ಹಾಗಂತ ಕೊಳ್ಳುವವರ ಸಂಖ್ಯೆ ಜಾಸ್ತಿ, ಮಾರುವವರದು ಕಡಿಮೆ ಅಂತಲ್ಲ. ಒಬ್ಬರು ಕೊಂಡ ಪ್ರತಿ ಷೇರನ್ನೂ ಇನ್ನೊಬ್ಬರು ಮಾರಿಯೇ ಇರುತ್ತಾರೆ. ಯಾರಿಗೆ ಆತುರ ಇತ್ತು, ಯಾರು ಬೆಲೆಯಲ್ಲಿ ರಾಜಿಯಾದರು ಅನ್ನುವುದೇ ಇಲ್ಲಿ ಬಲ.

ವಿಕ್ ಒಂದು ವಿಷಯ ಮುಚ್ಚಿಡುತ್ತದೆ: ಮೊದಲು ಏನಾಯಿತು, ಆಮೇಲೆ ಏನಾಯಿತು ಅನ್ನುವುದು. ಅದಕ್ಕೆ ನಾನು ಅದೇ ಹೊತ್ತಿನ ಮೂರು 5 ನಿಮಿಷದ ಕ್ಯಾಂಡಲ್‌ಗಳನ್ನು ತೆರೆಯುತ್ತೇನೆ. ಮೊದಲನೆಯದು 100ರಿಂದ 107, ಎರಡನೆಯದು 107ರಿಂದ 104, ಮೂರನೆಯದು 104ರಿಂದ 102 ಅಂತ ಇದ್ದರೆ ಮಾರಾಟದ ಒತ್ತಡ ಕೊನೆಯವರೆಗೂ ಇತ್ತು ಎಂದು ಗೊತ್ತಾಗುತ್ತದೆ. ಅದರ ಬದಲು ಬೆಲೆ 99–102ರಲ್ಲೇ ಸುತ್ತುತ್ತಾ ಒಂದೇ ಸಲ 108 ಮುಟ್ಟಿ ಬಂದಿದ್ದರೆ, ಅದೂ ವ್ಯವಹಾರ ಕಡಿಮೆ ಇರುವ ಷೇರಿನಲ್ಲಾದರೆ, ಆ ವಿಕ್‌ಗೆ ನಾನು ಜಾಸ್ತಿ ಮಹತ್ವ ಕೊಡುವುದಿಲ್ಲ. ಒಂದೆರಡು ಸಣ್ಣ ಆರ್ಡರ್ ಸಾಕು, ಅಷ್ಟು ಗೆರೆ ಎಳೆಯೋದಕ್ಕೆ. ಚಾರ್ಟ್‌ನ ಕೆಳಗಿನ ವಾಲ್ಯೂಮ್, ಅಂದರೆ ಎಷ್ಟು ಷೇರು ಕೈ ಬದಲಾಯಿತು ಅನ್ನುವುದನ್ನು ನೋಡಿದರೆ ಇದು ಬೇಗ ಗೊತ್ತಾಗುತ್ತದೆ.

ಇನ್ನೊಂದು, ಕ್ಯಾಂಡಲ್ ಮುಗಿಯುವ ಮುಂಚೆ ಓದಬೇಡಿ. ಬೆಲೆ 108ರಲ್ಲಿದ್ದ ಕ್ಷಣದಲ್ಲಿ ಇದೇ ಕ್ಯಾಂಡಲ್ ಮೇಲೆ ವಿಕ್ಕೇ ಇಲ್ಲದ ತುಂಬು ಹಸಿರು ಬಾಡಿಯಾಗಿ ಕಂಡಿರುತ್ತದೆ.

ಮುಗಿದ ಮೇಲೂ ನಾನು ತಕ್ಷಣ ಮಾರಲು ಹೋಗುವುದಿಲ್ಲ. ಅಕ್ಕಪಕ್ಕದ ಕ್ಯಾಂಡಲ್‌ಗಳ ಓಡಾಟವೆಲ್ಲ 20ರ ಹತ್ತಿರ ಇದ್ದರೆ ಈ 9 ಏನೂ ಅಲ್ಲ, ಸುಮ್ನೆ ಬಿಡುತ್ತೇನೆ. ಅವು 4–5ರಲ್ಲೇ ಇದ್ದರೆ 108 ಅನ್ನು ಗುರುತು ಹಾಕಿಕೊಳ್ಳುತ್ತೇನೆ. ಮುಂದಿನ ಕ್ಯಾಂಡಲ್ 99ರ ಕೆಳಗೆ ಕ್ಲೋಸ್ ಆದರೆ ಮಾರುವವರ ಬಲ ಮುಂದುವರಿದಿದೆ. 108ರ ಮೇಲೆ ಕ್ಲೋಸ್ ಆದರೆ ನನ್ನ ಲೆಕ್ಕ ರದ್ದು.