ಎಪಿಐ ನಿಂತ ಹನ್ನೊಂದು ನಿಮಿಷಗಳ ದೂರು

ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದಲೇ ವಹಿವಾಟು ನಡೆಸುವ ನನಗೆ, ಮಾರುಕಟ್ಟೆ ಕುಸಿಯುತ್ತಿದ್ದ ಒಂದು ದಿನ 10:14ರಿಂದ 10:25ರವರೆಗೆ ನನ್ನ ಪ್ರೋಗ್ರಾಂನಿಂದ ಆರ್ಡರು ಕಳುಹಿಸಲು ಬಳಸುವ ಬ್ರೋಕರ್‌ನ ಎಪಿಐ ನಿಂತುಹೋಗಿ, ನಿಫ್ಟಿ ಫ್ಯೂಚರ್ಸ್‌ನ ಒಂದು ಲಾಟ್ ಮಾರುವ ಆರ್ಡರುಗಳೆಲ್ಲ `503 Service Unavailable` ಎಂದು ಮರಳಿದವು. ಸಿಟ್ಟಿನಲ್ಲಿ ಬ್ರೋಕರ್‌ಗೆ ಬರೆದ ಮೊದಲ ಪತ್ರಕ್ಕೆ ವಿಷಾದದ ಸಿದ್ಧ ಉತ್ತರವಷ್ಟೇ ಬಂದಿತು.

ಎರಡನೆಯ ಪತ್ರಕ್ಕೆ ವಿಫಲವಾದ ಪ್ರತಿ ಆರ್ಡರಿನ ಸಮಯವಿರುವ ಲಾಗನ್ನೂ, ಅದೇ ವೇಳೆ ಅವರ ಡೀಲಿಂಗ್ ಡೆಸ್ಕಿಗೆ ಫೋನ್ ಮಾಡಿದ್ದರ ದಾಖಲೆಯನ್ನೂ ಲಗತ್ತಿಸಿ, 24,210ಕ್ಕೆ ಆಗಬೇಕಿದ್ದ ಮಾರಾಟ 24,150ಕ್ಕೆ ಆದ್ದರಿಂದ 60 ಅಂಶಗಳಂತೆ ಆ ಲಾಟ್‌ನ 75 ಯೂನಿಟ್‌ಗಳಿಗೆ 4,500 ರೂಪಾಯಿ ನಷ್ಟವಾಯಿತೆಂದು ಲೆಕ್ಕ ಕೊಟ್ಟೆನು. ಪರಿಹಾರ ಸಿಗದಿದ್ದರೆ ಸೆಬಿಯ ದೂರು ತಾಣವಾದ ಸ್ಕೋರ್ಸ್‌ನಲ್ಲಿ ದೂರು ದಾಖಲಿಸುವೆನೆಂದೂ ತಿಳಿಸಿದೆನು. ಹನ್ನೆರಡನೆಯ ದಿನ ಹಣ ಜಮೆಯಾಯಿತು.

ಬೆಲೆ ಒಂದು ಮಟ್ಟಕ್ಕೆ ಇಳಿದರೆ ಮಾರಿಬಿಡುವ ಸ್ಟಾಪ್‌ಲಾಸನ್ನು ನನ್ನ ಪ್ರೋಗ್ರಾಂನಲ್ಲಿ ಇಟ್ಟುಕೊಂಡದ್ದು ಮಾತ್ರ ನನ್ನದೇ ತಪ್ಪು. ಈಗ ಖರೀದಿಯಾದ ಕೂಡಲೇ ಅದನ್ನು ಎಕ್ಸ್‌ಚೇಂಜಿಗೇ ಕಳುಹಿಸಿಬಿಡುತ್ತೇನೆ.